ಹಾಲು ಕಾಯಿಸುವ ಆಟ, ಹೆಪ್ಪು ಹಾಕುವ ಆಟ

ಎರಡು ವರ್ಷದ ಹಿಂದೆ ನನಗೊಂದು ಜ್ವರ ಬಂತು. ಜ್ವರ ಹತ್ತು ದಿನದಲ್ಲಿ ಇಳಿಯಿತು. ಅದರ ಹಿಂದೆ ಬಂದ ಸುಸ್ತು ಮಾತ್ರ ನಾಲ್ಕು ತಿಂಗಳು ಬಿಡಲಿಲ್ಲ. ಪುಸ್ತಕ ಹಿಡಿದರೆ ಎರಡನೇ ಪುಟಕ್ಕೆ ಬರುವಷ್ಟರಲ್ಲಿ ಮೊದಲನೆಯದು ಮರೆತು ಹೋಗುತ್ತಿತ್ತು. ಸಿನಿಮಾ ಹಾಕಿದರೆ ಕಾಲು ಗಂಟೆಗೆ ತಲೆ ಭಾರ. ಮನಸ್ಸು ಒಂದು ಕಡೆ ನಿಲ್ಲುತ್ತಿದ್ದುದು ಮೂರು ನಿಮಿಷ, ಒಳ್ಳೆಯ ದಿನವಾದರೆ ಐದು. ದಿನವಿಡೀ ಹಾಸಿಗೆಯಲ್ಲಿ ಬಿದ್ದುಕೊಂಡು, ಮಾಡೋದಕ್ಕೆ ಏನೂ ಇಲ್ಲದೆ, ಮಾಡಬೇಕು ಅಂದುಕೊಂಡದ್ದನ್ನು ಮಾಡೋಕೂ ಆಗದೆ ಇರೋದು ಎಷ್ಟು ಕಷ್ಟ ಅಂತ ಅನುಭವಿಸಿದವರಿಗೆ ಗೊತ್ತು.

ಆಗ ಅಕ್ಕನ ಮಗ ಫೋನಿನಲ್ಲಿ ಒಂದು ಆಟ ಹಾಕಿಕೊಟ್ಟ. "ಚಿಕ್ಕಮ್ಮ, ಇದನ್ನು ಆಡಬೇಕಾಗಿಲ್ಲ, ಆಗಾಗ ನೋಡಿದರೆ ಸಾಕು" ಅಂದ. ಅದೇ ಐಡಲ್ ಗೇಮ್. ಇನ್‌ಕ್ರಿಮೆಂಟಲ್ ಗೇಮ್ ಅಂತಲೂ ಕರೆಯುತ್ತಾರೆ. ನೀವು ಏನೋ ಒಂದನ್ನು ಕೊಳ್ಳುತ್ತೀರಿ, ಅದು ತಾನಾಗಿ ಗಳಿಸುತ್ತದೆ, ಆ ಗಳಿಕೆಯಲ್ಲಿ ಇನ್ನೊಂದನ್ನು ಕೊಳ್ಳುತ್ತೀರಿ. ಅಷ್ಟೇ ಆಟ. ಮುಚ್ಚಿಟ್ಟರೂ ನಡೆಯುತ್ತದೆ ಅನ್ನೋದು ಅದರ ಹೆಸರಿನಲ್ಲೇ ಇರುವ ಭರವಸೆ.

ಆದರೆ ಆ ಭರವಸೆಯನ್ನು ಎಲ್ಲ ಆಟಗಳೂ ಉಳಿಸಿಕೊಳ್ಳುವುದಿಲ್ಲ. ನಾನು ಮೊದಲು ಹಾಕಿಕೊಂಡ ನಾಲ್ಕೈದು ಆಟಗಳಲ್ಲಿ ಎರಡು ನನ್ನನ್ನು ಇನ್ನಷ್ಟು ಸುಸ್ತು ಮಾಡಿದವು. ಯಾಕೆ ಅಂತ ತಿಳಿಯೋಕೆ ಅವುಗಳ ಒಳಗಿನ ಲೆಕ್ಕ ನೋಡಬೇಕಾಯಿತು. ಲೆಕ್ಕ ಕಷ್ಟದ್ದೇನಲ್ಲ. ಒಮ್ಮೆ ಗೊತ್ತಾದರೆ ಯಾವ ಆಟ ನಿಮ್ಮ ಮೂರು ನಿಮಿಷಕ್ಕೆ ಹೊಂದುತ್ತದೆ, ಯಾವುದು ಹೊಂದುವುದಿಲ್ಲ ಅಂತ ಹತ್ತು ನಿಮಿಷದಲ್ಲಿ ಹೇಳಬಹುದು.

ನಾನು ಇವನ್ನು ಎರಡು ಗುಂಪು ಮಾಡಿಕೊಂಡಿದ್ದೇನೆ. ಒಂದು ಹಾಲು ಕಾಯಿಸುವ ಆಟ: ಒಲೆ ಮೇಲಿಟ್ಟು ಮುಖ ತಿರುಗಿಸಿದರೆ ಉಕ್ಕಿ ಹೋಗುತ್ತದೆ, ಅಲ್ಲೇ ನಿಂತಿರಬೇಕು. ಇನ್ನೊಂದು ಹೆಪ್ಪು ಹಾಕುವ ಆಟ: ಒಂದು ಚಮಚ ಮೊಸರು ಬೆರೆಸಿ ಮುಚ್ಚಿಟ್ಟು ಮಲಗಿದರೆ ಬೆಳಿಗ್ಗೆ ಕೆಲಸ ಆಗಿರುತ್ತದೆ, ನಡುವೆ ತೆರೆದು ನೋಡಿದರೆ ಪ್ರಯೋಜನ ಏನೂ ಇಲ್ಲ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಎರಡರಲ್ಲೂ ಸಂಖ್ಯೆ ಏರುತ್ತಿರುತ್ತದೆ.

ಮೊದಲು ಕಾಯುವ ಹೊತ್ತು ಎಲ್ಲಿಂದ ಬರುತ್ತದೆ ಅಂತ ನೋಡೋಣ. ಇದಕ್ಕೆ ಕುಕ್ಕಿ ಕ್ಲಿಕರ್‌ಗಿಂತ ಒಳ್ಳೆಯ ಉದಾಹರಣೆ ಇಲ್ಲ. ಫ್ರಾನ್ಸಿನ ಜೂಲಿಯನ್ ತಿಯೆನೊ, ಓರ್ಟೀಲ್ ಅನ್ನೋ ಹೆಸರಿನಲ್ಲಿ, 2013ರ ಆಗಸ್ಟ್‌ನಲ್ಲಿ ಬಿಟ್ಟ ಆಟ ಅದು. ಪರದೆಯ ಮೇಲೆ ದೊಡ್ಡದೊಂದು ಬಿಸ್ಕತ್ತು. ಅದನ್ನು ಒತ್ತಿದರೆ ಒಂದು ಬಿಸ್ಕತ್ತು ಸಿಗುತ್ತದೆ. ನೂರು ಸೇರಿದರೆ ಒಬ್ಬ ಅಜ್ಜಿಯನ್ನು ಕೊಳ್ಳಬಹುದು. ಅಜ್ಜಿ ಸೆಕೆಂಡಿಗೆ ಒಂದು ಬಿಸ್ಕತ್ತು ಸುಡುತ್ತಾಳೆ, ನೀವು ಕೈ ಹಾಕಬೇಕಾಗಿಲ್ಲ.

ಗುಟ್ಟಿರುವುದು ಎರಡನೇ ಅಜ್ಜಿಯ ಬೆಲೆಯಲ್ಲಿ. ಅವಳಿಗೆ 115. ಮೂರನೆಯವಳಿಗೆ 133. ಪ್ರತಿ ಸಲ ಬೆಲೆ ಶೇಕಡಾ 15 ಏರುತ್ತದೆ. ಕೇಳೋಕೆ ಸಣ್ಣದು. ಆದರೆ ಶೇಕಡಾ 15 ಐದು ಸಲ ಏರಿದರೆ ಬೆಲೆ ಎರಡು ಪಟ್ಟು. ಹತ್ತು ಸಲಕ್ಕೆ ನಾಲ್ಕು ಪಟ್ಟು. ಮೀಟರ್ ಬಡ್ಡಿ ಹತ್ತಿದ ಹಾಗೆ. ಇತ್ತ ಗಳಿಕೆ ಮಾತ್ರ ಒಬ್ಬ ಅಜ್ಜಿಗೆ ಒಂದೇ ಬಿಸ್ಕತ್ತಿನಂತೆ ಮೆಲ್ಲಗೆ ಕೂಡುತ್ತದೆ. ಬೆಲೆ ಗುಣಿಸುತ್ತಾ ಹೋಗುತ್ತದೆ, ಗಳಿಕೆ ಕೂಡುತ್ತಾ ಹೋಗುತ್ತದೆ. ಈ ಎರಡರ ನಡುವಿನ ಅಂತರವೇ ನೀವು ಕಾಯುವ ಹೊತ್ತು.

ಸಂಖ್ಯೆಯಲ್ಲೇ ನೋಡಿಬಿಡಿ. ಬೇರೆ ಏನೂ ಕೊಳ್ಳದೆ ಬರೀ ಅಜ್ಜಿಯರನ್ನೇ ಕೊಳ್ಳುತ್ತಾ ಹೋದಿರಿ ಅಂದುಕೊಳ್ಳೋಣ. ನಿಮ್ಮ ಹತ್ತಿರ 10 ಅಜ್ಜಿಯರಿದ್ದಾಗ ಮುಂದಿನವಳ ಬೆಲೆ ಸುಮಾರು 405. ಸೆಕೆಂಡಿಗೆ ಹತ್ತು ಬಿಸ್ಕತ್ತು ಬರುತ್ತಿದೆ, ಅಂದರೆ 40 ಸೆಕೆಂಡು ಕಾದರೆ ಸಾಕು. 20 ಅಜ್ಜಿಯರಿದ್ದಾಗ ಒಂದು ನಿಮಿಷ 22 ಸೆಕೆಂಡು. 30 ಇದ್ದಾಗ ಮೂರೂಮುಕ್ಕಾಲು ನಿಮಿಷದ ಹತ್ತಿರ. 40 ಇದ್ದಾಗ 11 ನಿಮಿಷ. 50 ಇದ್ದಾಗ 36 ನಿಮಿಷ. 60 ಆಗುವ ಹೊತ್ತಿಗೆ ಒಬ್ಬ ಅಜ್ಜಿಗಾಗಿ ಎರಡು ಗಂಟೆ ಕಾಯಬೇಕು.

ಇದನ್ನು ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು. ಆಟ ನಿಮ್ಮನ್ನು ಮೊದಲು ಕೈಹಿಡಿದು ಕೂರಿಸಿಕೊಳ್ಳುತ್ತದೆ, ಆಮೇಲೆ ಮೆಲ್ಲಗೆ ಕೈ ಬಿಡುತ್ತದೆ. ಶುರುವಿನಲ್ಲಿ ಪ್ರತಿ ಅರ್ಧ ನಿಮಿಷಕ್ಕೊಮ್ಮೆ ಏನಾದರೂ ಕೊಳ್ಳೋದು ಇರುತ್ತದೆ, ಮಾರನೇ ದಿನಕ್ಕೆ ಗಂಟೆಗೊಮ್ಮೆ. ಹಾಗಾಗಿ ಈ ಆಟಗಳ ಮೊದಲ ಅರ್ಧ ಗಂಟೆಯನ್ನು ನೋಡಿ "ಅಯ್ಯೋ, ಇದು ಬಿಡುವೇ ಕೊಡಲ್ಲ" ಅಂತ ತೆಗೆದುಹಾಕಬೇಡಿ. ಆ ಅರ್ಧ ಗಂಟೆಯನ್ನು ಒಂದೇ ಸಲ ಆಡಲೂಬೇಕಾಗಿಲ್ಲ, ಮೂರು ಮೂರು ನಿಮಿಷವಾಗಿ ಎರಡು ದಿನಕ್ಕೆ ಹಂಚಿಕೊಂಡರೂ ನಡೆಯುತ್ತದೆ.

ಹಾಗಾದರೆ 60 ಅಜ್ಜಿಯರ ಮುಂದೆ ಆಟ ನಿಂತೇ ಹೋಗಬೇಕಲ್ವಾ? ನಿಲ್ಲುವುದಿಲ್ಲ, ಯಾಕೆಂದರೆ ಅದು ಹೊಸ ಸರಕು ತರುತ್ತದೆ. ಅಜ್ಜಿಯ ನಂತರ ಹೊಲ. ಮೊದಲ ಹೊಲದ ಬೆಲೆ 1,100, ಗಳಿಕೆ ಸೆಕೆಂಡಿಗೆ 8. ನಿಮ್ಮಲ್ಲಿ 30 ಅಜ್ಜಿಯರಿದ್ದಾರೆ ಅನ್ನಿ. ಮುಂದಿನ ಅಜ್ಜಿಗೆ 6,621 ಕೊಡಬೇಕು, ಸಿಗೋದು ಒಂದೇ ಒಂದು ಬಿಸ್ಕತ್ತು ಜಾಸ್ತಿ. ಅದೇ ದುಡ್ಡಿನಲ್ಲಿ ನಾಲ್ಕು ಹೊಲ ಬರುತ್ತವೆ: 1,100, 1,265, 1,455, 1,673, ಒಟ್ಟು 5,493. ಸಿಗೋದು ಸೆಕೆಂಡಿಗೆ 32. ನಿಮ್ಮ ಇಡೀ ಗಳಿಕೆ ಎರಡು ಪಟ್ಟಾಯಿತು, ಮೇಲೆ ಸಾವಿರ ಬಿಸ್ಕತ್ತು ಉಳಿಯಿತು.

ಇದರಿಂದ ಒಂದು ಸುಲಭ ಲೆಕ್ಕ ಸಿಗುತ್ತದೆ. ಬೆಲೆಯನ್ನು ಅದು ತರುವ ಗಳಿಕೆಯಿಂದ ಭಾಗಿಸಿ. ಬರುವ ಉತ್ತರ, ಹಾಕಿದ ದುಡ್ಡು ಎಷ್ಟು ಸೆಕೆಂಡಿನಲ್ಲಿ ವಾಪಸ್ ಬರುತ್ತದೆ ಅನ್ನೋದು. ಮೊದಲ ಹೊಲಕ್ಕೆ 137 ಸೆಕೆಂಡು, 31ನೇ ಅಜ್ಜಿಗೆ 6,621 ಸೆಕೆಂಡು. ಯಾವುದು ಕಡಿಮೆಯೋ ಅದನ್ನು ಕೊಳ್ಳಿ. ಆಟದಲ್ಲಿ ಅಜ್ಜಿಯರ ಗಳಿಕೆ ಹೆಚ್ಚಿಸುವ ಅಪ್‌ಗ್ರೇಡ್‌ಗಳೂ ಇವೆ, ಅವನ್ನು ನಾನು ಇಲ್ಲಿ ಲೆಕ್ಕಕ್ಕೆ ತಂದಿಲ್ಲ, ಆದರೆ ಅಳೆಯುವ ರೀತಿ ಅದೇ. ತಲೆ ಓಡದ ದಿನ ನನಗೆ ಇದು ತುಂಬಾ ಸಹಾಯ ಮಾಡಿತು. ಹದಿನೈದು ಆಯ್ಕೆ ಮುಂದಿದ್ದಾಗ ಯೋಚಿಸಿ ಯೋಚಿಸಿ ದಣಿಯೋ ಬದಲು ಒಂದೇ ಒಂದು ಭಾಗಾಕಾರ ಮಾಡಿ ಮುಂದೆ ಹೋಗಬಹುದು. ಫೋನಿನ ಕ್ಯಾಲ್ಕುಲೇಟರ್ ಇದ್ದೇ ಇದೆ.

ಈ ಶೇಕಡಾ 15 ಎಲ್ಲ ಆಟಕ್ಕೂ ಒಂದೇ ಅಲ್ಲ. ಆಡ್‌ವೆಂಚರ್ ಕ್ಯಾಪಿಟಲಿಸ್ಟ್ ಅನ್ನೋ ಆಟದಲ್ಲಿ ಮೊದಲ ವ್ಯಾಪಾರ ನಿಂಬೆ ಪಾನಕದ ಅಂಗಡಿ. ಅದರ ಬೆಲೆ ಸಲಕ್ಕೆ ಶೇಕಡಾ 7ರಂತೆ ಏರುತ್ತದೆ, ಅಂದರೆ ಎರಡು ಪಟ್ಟಾಗೋಕೆ ಹತ್ತು ಸಲ ಬೇಕು. ಏರಿಕೆ ಕಡಿಮೆ ಇದ್ದಷ್ಟೂ ಕೈಗೆ ಕೆಲಸ ಜಾಸ್ತಿ, ಕಾಯುವ ಹೊತ್ತು ನಿಧಾನವಾಗಿ ಬೆಳೆಯುತ್ತದೆ. ಆ ಆಟದಲ್ಲಿ ಇನ್ನೊಂದು ವಿಷಯ ಇದೆ. ಪಾನಕ ಮಾರಾಟವಾದ ಮೇಲೆ ಪ್ರತಿ ಸಲ ನೀವೇ ಮತ್ತೆ ಒತ್ತಬೇಕು. ಆ ಅಂಗಡಿಗೆ ಒಬ್ಬ ಮ್ಯಾನೇಜರ್ ಇಟ್ಟ ಮೇಲಷ್ಟೇ ಅದು ತಾನಾಗಿ ನಡೆಯೋದು. ಹಾಲು ಹೋಗಿ ಹೆಪ್ಪು ಆಗುವ ಗಳಿಗೆ ಅದು. ಹಾಗಾಗಿ ಅಂಥ ಆಟದಲ್ಲಿ ದುಡ್ಡು ಬಂದ ಕೂಡಲೇ ಇನ್ನೊಂದು ಅಂಗಡಿ ಕೊಳ್ಳೋಕೆ ಹೋಗದೆ ಮೊದಲು ಮ್ಯಾನೇಜರ್ ಇಟ್ಟುಬಿಡಿ. ವೇಗದ ಲೆಕ್ಕದಲ್ಲಿ ಅದು ಸರಿಯಾದ ನಡೆ ಅಲ್ಲದೆ ಇರಬಹುದು. ಮೂರು ನಿಮಿಷದವರಿಗೆ ಮಾತ್ರ ಅದೇ ಸರಿ.

ಈಗ ಮುಚ್ಚಿಟ್ಟಾಗ ಏನಾಗುತ್ತದೆ ಅನ್ನೋ ವಿಷಯ. ಇದೇ ಮುಖ್ಯ.

ಆಟ ಮುಚ್ಚಿದಾಗ ಅದು ನಿಜವಾಗಿ ಎಲ್ಲೂ ಓಡುತ್ತಿರುವುದಿಲ್ಲ. ಫೋನಿನ ಒಳಗೆ ಯಾವ ಅಜ್ಜಿಯೂ ಬಿಸ್ಕತ್ತು ಸುಡುತ್ತಿಲ್ಲ. ಮುಚ್ಚುವಾಗ ಆಟ ಗಂಟೆ ಎಷ್ಟಾಗಿದೆ ಅಂತ ಬರೆದಿಟ್ಟುಕೊಳ್ಳುತ್ತದೆ. ತೆರೆದಾಗ ಈಗಿನ ಗಂಟೆಯಿಂದ ಅದನ್ನು ಕಳೆದು, ಉಳಿದ ಸೆಕೆಂಡುಗಳನ್ನು ಗಳಿಕೆಯಿಂದ ಗುಣಿಸಿ ನಿಮ್ಮ ಕೈಗಿಡುತ್ತದೆ. ಹೆಚ್ಚುಕಮ್ಮಿ ಹೀಗೆ:

```
let gap = (Date.now() - lastSaved) / 1000;
let gain = rate * Math.min(gap, cap);
```

ಮೊದಲ ಸಾಲು ಎಷ್ಟು ಸೆಕೆಂಡು ದೂರ ಇದ್ದಿರಿ ಅನ್ನೋದು. ಎರಡನೇ ಸಾಲಿನಲ್ಲಿ `rate` ಅಂದರೆ ಸೆಕೆಂಡಿನ ಗಳಿಕೆ, `cap` ಅಂದರೆ ಮಿತಿ. ನೀವು ಎಷ್ಟೇ ಹೊತ್ತು ದೂರ ಇರಿ, ಆ ಮಿತಿಗಿಂತ ಹೆಚ್ಚಿನದಕ್ಕೆ ಲೆಕ್ಕವಿಲ್ಲ. ಮನೆ ಮೇಲಿನ ಟ್ಯಾಂಕ್ ಇದ್ದ ಹಾಗೆ, ತುಂಬಿದ ಮೇಲೆ ಬಂದ ನೀರು ಹರಿದು ಹೋಗುತ್ತದೆ.

ನಿಮಗೆ ಯಾವ ಆಟ ಹೊಂದುತ್ತದೆ ಅನ್ನೋದು ಈ ಎರಡು ಸಾಲಿನಲ್ಲೇ ತೀರ್ಮಾನವಾಗುತ್ತದೆ. ಕೆಲವು ಆಟಗಳಲ್ಲಿ ಈ ಲೆಕ್ಕವೇ ಇಲ್ಲ, ಮುಚ್ಚಿದರೆ ಅಲ್ಲಿಗೆ ನಿಂತಿತು. ಕೆಲವದರಲ್ಲಿ ಲೆಕ್ಕ ಇದೆ, ಆದರೆ `rate` ಅನ್ನು ಕಡಿಮೆ ಮಾಡಿಬಿಡುತ್ತಾರೆ. ಕೆಲವದರಲ್ಲಿ ಪೂರ್ತಿ ಕೊಡುತ್ತಾರೆ, ಆದರೆ ಮಿತಿ ಎರಡೇ ಗಂಟೆ. ಆಟದ ವಿವರಣೆಯಲ್ಲಿ ಎಲ್ಲರೂ ಹಾಕೋದು ಒಂದೇ ಮಾತು, ಮುಚ್ಚಿದರೂ ಗಳಿಸುತ್ತೀರಿ ಅಂತ.

ಕಂಡುಹಿಡಿಯೋದು ಸುಲಭ. ಗಳಿಕೆ ಸೆಕೆಂಡಿಗೆ ಎಷ್ಟು ಅಂತ ನೋಡಿ, ಈಗ ಎಷ್ಟಿದೆ ಅಂತಲೂ ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ಆಟವನ್ನು ಪೂರ್ತಿ ಮುಚ್ಚಿ. ಗಡಿಯಾರ ನೋಡಿ ಸರಿಯಾಗಿ ಐದು ನಿಮಿಷ ಬಿಟ್ಟು ತೆರೆಯಿರಿ. ಐದು ನಿಮಿಷ ಅಂದರೆ 300 ಸೆಕೆಂಡು. ಗಳಿಕೆ ಸೆಕೆಂಡಿಗೆ 30 ಇದ್ದರೆ 9,000 ಹೆಚ್ಚಾಗಿರಬೇಕು. ಸುಮಾರು ಅಷ್ಟೇ ಬಂದಿದ್ದರೆ ಒಳ್ಳೆಯದು. 4,500 ಬಂದಿದ್ದರೆ ಅರ್ಧ ದರ. ಏನೂ ಬಂದಿಲ್ಲ ಅಂದರೆ ಹಾಲು. ಮಿತಿ ಎಷ್ಟು ಅಂತ ತಿಳಿಯೋಕೆ ಇದನ್ನೇ ಒಂದು ರಾತ್ರಿ ಮಾಡಿ: ಬಂದದ್ದನ್ನು ಗಳಿಕೆಯಿಂದ ಭಾಗಿಸಿದರೆ ಎಷ್ಟು ಸೆಕೆಂಡಿನದು ಕೊಟ್ಟಿದ್ದಾರೆ ಅಂತ ಸಿಗುತ್ತದೆ. ಎಂಟು ಗಂಟೆ ಮಲಗಿದ್ದು 7,200 ಸೆಕೆಂಡಿನದು ಮಾತ್ರ ಬಂದಿದ್ದರೆ ಮಿತಿ ಎರಡು ಗಂಟೆ ಅಂತಾಯಿತು.

ಬ್ರೌಸರ್‌ನಲ್ಲಿ ಆಡುವವರು ಇನ್ನೊಂದು ಗಮನಿಸಬೇಕು. ಟ್ಯಾಬ್ ತೆರೆದೇ ಇಟ್ಟು ಬೇರೆ ಟ್ಯಾಬಿಗೆ ಹೋದರೆ ಆಟ ನಡೆಯುತ್ತಿರುತ್ತದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಬ್ಯಾಟರಿ ಉಳಿಸೋಕೆ ಬ್ರೌಸರ್‌ಗಳು ಹಿಂದಿರುವ ಟ್ಯಾಬನ್ನು ನಿಧಾನ ಮಾಡುತ್ತವೆ. ಕ್ರೋಮ್‌ನಲ್ಲಿ 2021ರಿಂದ, ಐದು ನಿಮಿಷಕ್ಕಿಂತ ಹೆಚ್ಚು ಹಿಂದೆ ಉಳಿದ ಟ್ಯಾಬಿನ ಟೈಮರ್ ನಿಮಿಷಕ್ಕೊಮ್ಮೆ ಮಾತ್ರ ಬಡಿಯುವ ಹಾಗೆ ಮಾಡಬಹುದು. ಗಡಿಯಾರ ನೋಡಿ ಲೆಕ್ಕ ಹಾಕುವ ಆಟಕ್ಕೆ ಇದರಿಂದ ತೊಂದರೆ ಇಲ್ಲ. ಟೈಮರಿನ ಬಡಿತವನ್ನೇ ಎಣಿಸುವ ಆಟಕ್ಕೆ ಪೆಟ್ಟು ಬೀಳುತ್ತದೆ. ಅದೇ ಐದು ನಿಮಿಷದ ಪರೀಕ್ಷೆಯನ್ನು ಹತ್ತು ನಿಮಿಷ ಮಾಡಿ, ಟ್ಯಾಬ್ ಮುಚ್ಚದೆ ಬರೀ ಹಿಂದೆ ಬಿಟ್ಟು ನೋಡಿದರೆ ಅದೂ ತಿಳಿಯುತ್ತದೆ.

ಈಗ ಕುಕ್ಕಿ ಕ್ಲಿಕರ್‌ಗೆ ವಾಪಸ್ ಬರೋಣ. ಆ ಆಟದ ಲೆಕ್ಕವನ್ನು ಅಷ್ಟು ಹೊಗಳಿದ ಮೇಲೆ ಹೇಳೋಕೆ ಬೇಜಾರು, ಆದರೆ ಮೂರು ನಿಮಿಷದವರಿಗೆ ಅದು ಹೊಂದುವುದಿಲ್ಲ. ಒಂದನೆಯದಾಗಿ, ಶುರುವಿನಲ್ಲಿ ಮುಚ್ಚಿಟ್ಟರೆ ಏನೂ ಬರುವುದಿಲ್ಲ. ಒಮ್ಮೆ ಆಟವನ್ನು ಮೊದಲಿನಿಂದ ಶುರು ಮಾಡಿ, ಅದರಿಂದ ಸಿಗುವ ಒಂದು ಅಪ್‌ಗ್ರೇಡ್ ಕೊಂಡ ಮೇಲಷ್ಟೇ ಮುಚ್ಚಿದಾಗಿನ ಗಳಿಕೆ ಸಿಗುತ್ತದೆ. ಅದೂ ಮೊದಲ ಒಂದು ಗಂಟೆಗೆ ಶೇಕಡಾ 5 ಮಾತ್ರ, ಆಮೇಲೆ ಅದರಲ್ಲೂ ಹತ್ತನೇ ಒಂದು ಭಾಗ. ಇನ್ನಷ್ಟು ಕೊಂಡು ಹೆಚ್ಚಿಸಿಕೊಳ್ಳಬಹುದು, ಆದರೆ ಅದು ಬಹಳ ದೂರದ ಮಾತು.

ಎರಡನೆಯದು ಚಿನ್ನದ ಬಿಸ್ಕತ್ತು. ಐದರಿಂದ ಹದಿನೈದು ನಿಮಿಷಕ್ಕೊಮ್ಮೆ ಪರದೆಯ ಯಾವುದೋ ಮೂಲೆಯಲ್ಲಿ ಒಂದು ಕಾಣಿಸಿಕೊಳ್ಳುತ್ತದೆ. 13 ಸೆಕೆಂಡು ಇದ್ದು ಮಾಯವಾಗುತ್ತದೆ. ಅದನ್ನು ಒತ್ತಿದರೆ ಒಮ್ಮೊಮ್ಮೆ ಗಳಿಕೆ 77 ಸೆಕೆಂಡು ಏಳು ಪಟ್ಟಾಗುತ್ತದೆ. ಏಳು ಪಟ್ಟು ಅಂದರೆ ಸುಮ್ನೆ ಬಿಡೋ ಹಾಗಿಲ್ಲ. ನಾನು ಹಾಸಿಗೆಯಲ್ಲಿ ಮಲಗಿ, ತಲೆ ಸಿಡಿಯುತ್ತಿದ್ದರೂ, ಕಾಲು ಗಂಟೆ ಪರದೆ ದಿಟ್ಟಿಸುತ್ತಾ ಅದಕ್ಕಾಗಿ ಕಾದಿದ್ದೇನೆ. ಒಂದು ಮಧ್ಯಾಹ್ನ ಪೂರ್ತಿ ಹಾಗೇ ಹೋಯಿತು, ಸಂಜೆ ಕಣ್ಣು ಬಿಡೋಕಾಗಲಿಲ್ಲ. ಕೂತು ನೋಡಲು ಶಕ್ತಿ ಇರುವವರಿಗೆ ಇದು ಬಹಳ ಚೆನ್ನಾದ ಆಟ. ಯಾವಾಗ ಬರುತ್ತದೋ ಗೊತ್ತಿಲ್ಲದ, ಬಂದು ಬೇಗ ಹೋಗುವ ಬಹುಮಾನ ಇರುವ ಯಾವ ಆಟವೂ ನಮ್ಮಂಥವರಿಗೆ ಹಾಲು ಕಾಯಿಸಿದ ಹಾಗೆ. ಆಟದಲ್ಲಿ ಅಂಥದ್ದು ಇದೆಯಾ ಅಂತ ನೋಡೋಕೆ ಒಂದೇ ಪ್ರಶ್ನೆ ಸಾಕು: ಪರದೆಯನ್ನು ನೋಡುತ್ತಾ ಕೂತವರಿಗೆ, ಬಂದು ಹೋಗುವವರಿಗಿಂತ ಜಾಸ್ತಿ ಸಿಗುತ್ತದಾ?

ನನಗೆ ಕೊನೆಗೆ ಹೊಂದಿದ್ದು ಮೆಲ್ವರ್ ಐಡಲ್. ರೂನ್‌ಸ್ಕೇಪ್ ಅನ್ನೋ ಹಳೆಯ ಆನ್‌ಲೈನ್ ಆಟವನ್ನು ನೋಡಿ ಮಾಡಿದ್ದು, 2021ರಲ್ಲಿ ಪೂರ್ತಿ ರೂಪದಲ್ಲಿ ಬಂತು. ಮರ ಕಡಿಯೋದು, ಮೀನು ಹಿಡಿಯೋದು, ಅಡುಗೆ, ಕಮ್ಮಾರಿಕೆ, ಹೀಗೆ ಹತ್ತಾರು ಕಸುಬು. ಒಂದು ಕಸುಬು ಆರಿಸಿ ಬಿಟ್ಟರೆ ಅದು ನಡೆಯುತ್ತಾ ಇರುತ್ತದೆ. ಮುಚ್ಚಿಟ್ಟರೂ ಪೂರ್ತಿ ದರದಲ್ಲಿ, 24 ಗಂಟೆಯವರೆಗೆ. ತೆರೆದಾಗ ನೀವಿಲ್ಲದಾಗ ಏನೇನು ಆಯಿತು ಅಂತ ಒಂದು ಪಟ್ಟಿ ತೋರಿಸುತ್ತದೆ. ಪೂರ್ತಿ ಆಟಕ್ಕೆ ಒಮ್ಮೆ ದುಡ್ಡು ಕೊಡಬೇಕು, ಆಮೇಲೆ ಜಾಹೀರಾತಿನ ಕಾಟ ಇಲ್ಲ.

ಮೊದಲ ರಾತ್ರಿಯ ಲೆಕ್ಕ ಹೇಳುತ್ತೇನೆ. ಮರ ಕಡಿಯೋದು ಶುರು ಮಾಡಿದೆ. ಮೊದಲ ಜಾತಿಯ ಮರಕ್ಕೆ ಮೂರು ಸೆಕೆಂಡು, ಒಂದು ಮರಕ್ಕೆ 10 ಅನುಭವದ ಅಂಕ. ಎಂಟು ಗಂಟೆ ಅಂದರೆ 28,800 ಸೆಕೆಂಡು, 9,600 ಮರ, 96,000 ಅಂಕ. 50ನೇ ಹಂತಕ್ಕೆ 1,01,333 ಬೇಕು, ಹಾಗಾಗಿ ಬೆಳಿಗ್ಗೆ ಏಳುವಾಗ 49ನೇ ಹಂತ.

ಆದರೆ 10ನೇ ಹಂತಕ್ಕೆ ಓಕ್ ಮರ ಸಿಗುತ್ತದೆ, ಅದಕ್ಕೆ ನಾಲ್ಕು ಸೆಕೆಂಡು, 15 ಅಂಕ. ಸೆಕೆಂಡಿನ ಲೆಕ್ಕದಲ್ಲಿ ಅದು ಮೇಲು. ಆಟ ತಾನಾಗಿ ಆ ಮರಕ್ಕೆ ಬದಲಾಯಿಸಿಕೊಳ್ಳುವುದಿಲ್ಲ, ನೀವು ಹೇಳಿದ್ದನ್ನೇ ಮಾಡುತ್ತಿರುತ್ತದೆ. 10ನೇ ಹಂತಕ್ಕೆ ಬೇಕಿರೋದು 1,154 ಅಂಕ, ಅಂದರೆ ಹೆಚ್ಚುಕಮ್ಮಿ ಆರು ನಿಮಿಷ. ಆರು ನಿಮಿಷ ಎದ್ದಿದ್ದು ಓಕ್‌ಗೆ ಬದಲಾಯಿಸಿ ಮಲಗಿದರೆ? 7,200 ಮರ, 1,08,000 ಅಂಕ, ಹಿಂದಿನದೂ ಸೇರಿದರೆ 1,09,154. ಬೆಳಿಗ್ಗೆ 50ನೇ ಹಂತ. ಮೊದಲನೆಯದಕ್ಕಿಂತ ಬರೀ ಒಂದು ಹಂತ ಜಾಸ್ತಿ.

ಆ ಒಂದು ಹಂತಕ್ಕಾಗಿ ನಿದ್ದೆ ತೂಗುತ್ತಿರುವಾಗ ಆರು ನಿಮಿಷ ಕೂರಬೇಕಾ? ನಾನು ಕೂರಲಿಲ್ಲ. ಹೆಪ್ಪು ಹಾಕುವ ಆಟದ ಗುರುತೇ ಇದು: ಚೆನ್ನಾಗಿ ಆಡಿದವರಿಗೂ ಸುಮಾರಾಗಿ ಆಡಿದವರಿಗೂ ಮಾರನೇ ಬೆಳಿಗ್ಗೆ ಅಂತರ ಸಣ್ಣದು. ಕೆಟ್ಟ ದಿನವೊಂದರಲ್ಲಿ ತಪ್ಪು ಮರ ಆರಿಸಿದ್ದಕ್ಕೆ ದಂಡ ಇಲ್ಲ. ಹಂತಗಳ ಬೆಲೆ ಇಲ್ಲೂ ಏರುತ್ತಾ ಹೋಗುತ್ತದೆ, 99ನೇ ಹಂತಕ್ಕೆ 1,30,34,431 ಅಂಕ ಬೇಕು, ಅದರ ಅರ್ಧ ದಾರಿ ಬರೋದು 92ನೇ ಹಂತದಲ್ಲಿ. ಹಾಗಾಗಿ ಮುಂದೆ ಮುಂದೆ ಹೋದಂತೆ ದಿನಕ್ಕೆ ಒಂದೋ ಎರಡೋ ಸಲ ನೋಡಿದರೆ ಸಾಕಾಗುತ್ತದೆ.

ಈ ಆಟದಲ್ಲೂ ಒಂದು ಕಡೆ ಎಚ್ಚರ ಬೇಕು. ಅಲ್ಲಿ ಕಾಳಗವೂ ಇದೆ, ಅದೂ ಮುಚ್ಚಿಟ್ಟಾಗ ನಡೆಯುತ್ತದೆ. ತಿನ್ನೋಕೆ ಇಟ್ಟ ಊಟ ಮುಗಿದರೆ ನಿಮ್ಮ ಪಾತ್ರ ಸಾಯಬಹುದು, ಸತ್ತರೆ ತೊಟ್ಟಿರುವ ಸಾಮಾನಿನಲ್ಲಿ ಯಾವುದೋ ಒಂದು ಹೋಗಬಹುದು. ನಾನು ಬೇಕೂ ಅಂತ ಕೂಡಿಟ್ಟು ಮಾಡಿಸಿಕೊಂಡಿದ್ದ ಕತ್ತಿ ಹಾಗೇ ಹೋಯಿತು. ಆಮೇಲಿನಿಂದ ಕಾಳಗ ಏನಿದ್ದರೂ ನಾನು ಎದ್ದಿರುವಾಗ ಮಾತ್ರ, ರಾತ್ರಿಗೆ ಮರ ಇಲ್ಲವೇ ಮೀನು.

ಇಷ್ಟೂ ಲೆಕ್ಕ ಬೇಡ ಅನ್ನುವವರಿಗೆ ನೆಕೊ ಅತ್ಸುಮೆ ಇದೆ. 2014ರಲ್ಲಿ ಜಪಾನಿನಿಂದ ಬಂದದ್ದು. ಅಂಗಳದಲ್ಲಿ ಊಟ, ಆಟಿಕೆ ಇಟ್ಟು ಮುಚ್ಚಿಬಿಡಬೇಕು. ನೀವು ದೂರ ಇದ್ದಾಗ ಬೆಕ್ಕುಗಳು ಬಂದು ಆಡಿ, ಮೀನು ಇಟ್ಟು ಹೋಗುತ್ತವೆ. ವಾರ ಬಿಟ್ಟು ತೆರೆದರೆ ಊಟದ ತಟ್ಟೆ ಖಾಲಿ ಇರುತ್ತದೆ, ಅಷ್ಟೇ. ಯಾವ ಬೆಕ್ಕೂ ಸಾಯುವುದಿಲ್ಲ, ಕೋಪ ಮಾಡಿಕೊಳ್ಳುವುದಿಲ್ಲ. ಅಂಕಿ ನೋಡಿದರೇ ತಲೆ ತಿರುಗುವ ದಿನಗಳಲ್ಲಿ ನಾನು ಇದನ್ನೇ ನೋಡುತ್ತಿದ್ದೆ.

ಮಿತಿಯ ವಿಷಯಕ್ಕೆ ಮತ್ತೆ ಬರುತ್ತೇನೆ, ಯಾಕೆಂದರೆ ಉಚಿತ ಆಟಗಳು ದುಡ್ಡು ಮಾಡೋದು ಅಲ್ಲೇ. ಮಿತಿ ಎರಡು ಗಂಟೆ ಇಟ್ಟರೆ ನೀವು ದಿನಕ್ಕೆ ಏಳೆಂಟು ಸಲ ಬರುತ್ತೀರಿ. ಪ್ರತಿ ಸಲ ಬಂದಾಗ "ಒಂದು ಜಾಹೀರಾತು ನೋಡಿದರೆ ಗಳಿಕೆ ಎರಡು ಪಟ್ಟು" ಅಂತ ಕೇಳುತ್ತಾರೆ. ಒಂದು ಜಾಹೀರಾತು ಅರ್ಧ ನಿಮಿಷ ಅಂದುಕೊಳ್ಳಿ. ಮೂರು ನಿಮಿಷದ ಗಮನದಲ್ಲಿ ಆರನೇ ಒಂದು ಭಾಗ ಅದಕ್ಕೇ ಹೋಯಿತು, ಅದೂ ಜೋರು ಸದ್ದು, ಮಿನುಗುವ ಬಣ್ಣ. ನಾನು ಪಾಲಿಸುವ ನಿಯಮ: ಮಿತಿ ನನ್ನ ರಾತ್ರಿ ನಿದ್ದೆಗಿಂತ ಕಡಿಮೆ ಇದ್ದರೆ ಆ ಆಟ ಬೇಡ. ಇಟ್ಟುಕೊಂಡ ಆಟದ ನೋಟಿಫಿಕೇಶನ್ ಮೊದಲ ದಿನವೇ ಬಂದ್. ಹಾಗೆ ಮಾಡಿದರೆ ಯಾವಾಗ ನೋಡಬೇಕು ಅಂತ ನೀವು ನಿರ್ಧರಿಸಬಹುದು, ಮುಂದಿನ ಖರೀದಿಗೆ ಎಷ್ಟು ಹೊತ್ತು ಅಂತ ಲೆಕ್ಕ ಹಾಕೋದು ಈಗ ನಿಮಗೆ ಗೊತ್ತೇ ಇದೆ: ಬೆಲೆಯಲ್ಲಿ ಕೈಯಲ್ಲಿರೋದನ್ನು ಕಳೆದು ಗಳಿಕೆಯಿಂದ ಭಾಗಿಸಿ.

ಆಟ ಕಳೆದು ಹೋಗುವ ಸಾಧ್ಯತೆಯೂ ಇದೆ. ಬ್ರೌಸರ್ ಆಟಗಳು ನಿಮ್ಮ ಪ್ರಗತಿಯನ್ನು ಸಾಮಾನ್ಯವಾಗಿ ಬ್ರೌಸರ್‌ನ ಒಳಗೇ ಬರೆದಿಡುತ್ತವೆ. ಬ್ರೌಸರ್ ಸ್ವಚ್ಛ ಮಾಡುವಾಗ ಸೈಟ್ ಡೇಟಾ ಅಳಿಸಿದರೆ ಅದೂ ಹೋಯಿತು. ಐಫೋನಿನ ಸಫಾರಿಯಲ್ಲಿ 2020ರಿಂದ ಇನ್ನೂ ಒಂದು ತೊಡಕಿದೆ. ಸಫಾರಿ ಬಳಸುತ್ತಿರುವ ಏಳು ದಿನಗಳಲ್ಲಿ ಒಂದು ಸೈಟನ್ನು ಮುಟ್ಟದೇ ಇದ್ದರೆ ಅದು ಬರೆದಿಟ್ಟಿದ್ದನ್ನು ಸಫಾರಿಯೇ ಅಳಿಸಬಹುದು. ಕಾಯಿಲೆಯವರಿಗೆ ಒಂದು ವಾರ ಆಟ ಮುಟ್ಟದೇ ಇರೋದು ದೊಡ್ಡ ವಿಷಯವೇ ಅಲ್ಲ. ಕುಕ್ಕಿ ಕ್ಲಿಕರ್‌ನಂಥ ಆಟಗಳ `Options` ಒಳಗೆ `Export save` ಅಂತ ಇರುತ್ತದೆ. ಒತ್ತಿದರೆ ಅರ್ಥವಾಗದ ಉದ್ದನೆಯ ಅಕ್ಷರಗಳ ಸಾಲು ಬರುತ್ತದೆ. ಅದನ್ನು ನಕಲು ಮಾಡಿ ವಾಟ್ಸಾಪಿನಲ್ಲಿ ನಿಮಗೇ ಕಳಿಸಿಕೊಳ್ಳಿ. `Import save` ಒತ್ತಿ ಅದನ್ನು ಅಂಟಿಸಿದರೆ ಬೇರೆ ಫೋನಿನಲ್ಲೂ ಅದೇ ಜಾಗದಿಂದ ಮುಂದುವರಿಯಬಹುದು. ನಾನು ಅದರ ಕೆಳಗೇ ಒಂದು ಸಾಲು ಬರೆಯುತ್ತಿದ್ದೆ, "ಮುಂದೆ: ಹೊಲ 20 ಆಗಬೇಕು" ಅಂತ. ಮರೆವು ಜಾಸ್ತಿ ಇದ್ದಾಗ ತೆರೆದ ಮೇಲೆ ಏನು ಮಾಡುತ್ತಿದ್ದೆ ಅಂತ ನೆನಪಿಸಿಕೊಳ್ಳೋದರಲ್ಲೇ ಮೂರು ನಿಮಿಷ ಕಳೆದು ಹೋಗುತ್ತದೆ.

ಇನ್ನು ಮೊದಲಿನಿಂದ ಶುರು ಮಾಡುವ ವಿಷಯ. ಇದಕ್ಕೆ ಪ್ರೆಸ್ಟೀಜ್ ಅನ್ನುತ್ತಾರೆ. ಬೆಲೆ ಗುಣಿಸುತ್ತಾ ಹೋಗುವುದರಿಂದ ಎಲ್ಲ ಆಟವೂ ಒಂದು ದಿನ ಗೋಡೆಗೆ ಬಂದು ನಿಲ್ಲುತ್ತದೆ. ಆಗ ಇರುವುದನ್ನೆಲ್ಲಾ ಬಿಟ್ಟುಕೊಟ್ಟು ಸೊನ್ನೆಯಿಂದ ಶುರು ಮಾಡಿದರೆ, ಗಳಿಕೆಯ ಮೇಲೆ ಶಾಶ್ವತವಾದ ಹೆಚ್ಚುವರಿ ಸಿಗುತ್ತದೆ. ಕುಕ್ಕಿ ಕ್ಲಿಕರ್‌ನಲ್ಲಿ ಒಟ್ಟು ಒಂದು ಲಕ್ಷ ಕೋಟಿ ಬಿಸ್ಕತ್ತು ಸುಟ್ಟಿದ್ದರೆ 1 ಪ್ರೆಸ್ಟೀಜ್ ಹಂತ. 2 ಹಂತ ಬೇಕಾದರೆ ಎಂಟು ಲಕ್ಷ ಕೋಟಿ. 10 ಬೇಕಾದರೆ ಸಾವಿರ ಲಕ್ಷ ಕೋಟಿ. ಹತ್ತು ಪಟ್ಟು ಹಂತಕ್ಕೆ ಸಾವಿರ ಪಟ್ಟು ಬಿಸ್ಕತ್ತು. ಒಂದು ಹಂತದಿಂದ ಗಳಿಕೆಗೆ ಸಿಗೋದು ಶೇಕಡಾ 1. ಹಾಗಾಗಿ ಒಂದು ಹಂತ ಆದ ಕೂಡಲೇ ಶುರು ಮಾಡಿದರೆ ಸಿಗೋದು ಬಹಳ ಕಡಿಮೆ, ಬಿಟ್ಟುಕೊಡೋದು ಬಹಳ ಜಾಸ್ತಿ.

ಯಾವಾಗ ಮಾಡಬೇಕು ಅಂತ ವೇಗದ ಲೆಕ್ಕ ಹಾಕುವವರು ಬೇಕಾದಷ್ಟು ಜನ ಇದ್ದಾರೆ. ನಮಗೆ ಬೇರೆ ಒಂದು ಲೆಕ್ಕ ಇದೆ, ಅದನ್ನು ಯಾರೂ ಹೇಳೋದು ನಾನು ಕೇಳಿಲ್ಲ. ಸೊನ್ನೆಗೆ ಹೋದ ಕೂಡಲೇ ನೀವು ಮತ್ತೆ ಆ ಮೊದಲ ಅರ್ಧ ಗಂಟೆಯಲ್ಲಿ ಇರುತ್ತೀರಿ. 40 ಸೆಕೆಂಡಿಗೊಮ್ಮೆ ಕೊಳ್ಳುವ ಅರ್ಧ ಗಂಟೆ. ಗಂಟೆಗೊಮ್ಮೆ ನೋಡುತ್ತಿದ್ದ ಆಟ ಮತ್ತೆ ಒಲೆ ಮೇಲಿನ ಹಾಲಾಗುತ್ತದೆ. ಮಲಗುವ ಮುಂಚೆ ಸೊನ್ನೆ ಮಾಡಿದರೆ ರಾತ್ರಿಯಿಡೀ ಒಬ್ಬಳೋ ಇಬ್ಬರೋ ಅಜ್ಜಿಯರ ಗಳಿಕೆ ಮಾತ್ರ ಬರುತ್ತದೆ, ಒಂದು ರಾತ್ರಿ ವ್ಯರ್ಥ. ತಲೆನೋವಿನ ದಿನ ಮಾಡಿದರೆ ಒಂದೋ ನೋವಿನಲ್ಲೇ ಕೂತು ಒತ್ತುತ್ತೀರಿ, ಇಲ್ಲವೇ ಎರಡು ದಿನ ಆಟ ಅಲ್ಲೇ ಬಿದ್ದಿರುತ್ತದೆ.

ಅದಕ್ಕೆ ನಾನು ಗೋಡೆಗೆ ಬಂದ ಮೇಲೂ ಸೊನ್ನೆ ಮಾಡದೆ ಸುಮ್ಮನೆ ಬಿಟ್ಟಿರುತ್ತಿದ್ದೆ. ನಾಲ್ಕು ದಿನ ತಡವಾದರೆ ಆ ನಾಲ್ಕು ದಿನದ ಗಳಿಕೆಯೂ ಒಟ್ಟಿಗೆ ಸೇರುತ್ತದೆ, ನಷ್ಟವೇನಿಲ್ಲ. ಒಂದು ಬೆಳಿಗ್ಗೆ ಎದ್ದಾಗ ತಲೆ ಹಗುರ ಅನ್ನಿಸಿ, ತಿಂಡಿ ತಿಂದು, ಕಿಟಕಿ ಹತ್ತಿರ ಕೂತು, ಆಗ ಒತ್ತುತ್ತಿದ್ದೆ. ಹೆಚ್ಚುವರಿ ಸಿಕ್ಕಿರುವುದರಿಂದ ಎರಡನೇ ಸುತ್ತು ಬೇಗ ಓಡುತ್ತದೆ. ಇಪ್ಪತ್ತು ನಿಮಿಷಕ್ಕೆಲ್ಲಾ ಮುಂದಿನ ಖರೀದಿಗೆ ಹತ್ತು ನಿಮಿಷ ಕಾಯಬೇಕು ಅನ್ನೋ ಹಂತಕ್ಕೆ ಬಂದಿರುತ್ತಿತ್ತು. ಅಲ್ಲಿಗೆ ಫೋನು ಮಗುಚಿಟ್ಟು ಮತ್ತೆ ಮಲಗುತ್ತಿದ್ದೆ.